ಮುಟ್ಟು ನಿಲ್ಲುವ ಕಾಲದ ಮೈಝಳ: ಕೆರಳಿಸುವ ಸಂಗತಿಯನ್ನು ಗುರುತಿಸುವ ಬಗೆ

ಸ್ತ್ರೀಯರಲ್ಲಿ ಸಾಮಾನ್ಯವಾಗಿ 45ರಿಂದ 55 ವರ್ಷ ವಯಸ್ಸಿನ ನಡುವೆ ಮುಟ್ಟು ನಿಲ್ಲುತ್ತದೆ. ಈ ಕಾಲದಲ್ಲಿ ಅನೇಕರಿಗೆ ಇದ್ದಕ್ಕಿದ್ದಂತೆ ಎದೆ, ಕುತ್ತಿಗೆ ಹಾಗೂ ಮುಖಗಳಿಗೆ ಬಿಸಿಯೇರಿ, ಬೆವರು ಸುರಿದು, ಎದೆಬಡಿತ ಜೋರಾಗುತ್ತದೆ. ಕೆಲವು ನಿಮಿಷಗಳಲ್ಲಿ ಇದು ತಾನಾಗಿ ಇಳಿಯುತ್ತದೆ. ಆಮೇಲೆ ಮೈ ತಣ್ಣಗಾಗಿ ಚಳಿಯಾಗುವುದೂ ಉಂಟು. ಇದನ್ನು ಇಲ್ಲಿ ಝಳವೆಂದು ಕರೆಯೋಣ. ಝಳವು ಕೆಲವರಿಗೆ ದಿನಕ್ಕೊಮ್ಮೆ, ಕೆಲವರಿಗೆ ಹತ್ತಾರು ಬಾರಿ ಬರುತ್ತದೆ. ಹಲವು ವರ್ಷಗಳ ಕಾಲ ಇದು ಮುಂದುವರಿಯಬಹುದು.

ಝಳ ಏಕೆ ಬರುತ್ತದೆ?

ನಮ್ಮ ಮೆದುಳಿನಲ್ಲಿ ದೇಹದ ಶಾಖವನ್ನು ಕಾಯುವ ಕೇಂದ್ರವೊಂದಿದೆ. ಮೈಶಾಖವು ತುಸು ಏರಿದರೆ ಅಥವಾ ಇಳಿದರೆ ಆರೋಗ್ಯವಂತರಲ್ಲಿ ಈ ಕೇಂದ್ರವು ಗಮನಿಸದೆ ಸುಮ್ಮನಿರುತ್ತದೆ. ಮುಟ್ಟು ನಿಲ್ಲುವಾಗ ಈಸ್ಟ್ರೊಜನ್ ಎಂಬ ಹಾರ್ಮೋನು ಕಡಮೆಯಾಗುವುದರಿಂದ ಈ ಸೈರಣೆ ಕುಗ್ಗುತ್ತದೆ. ಆಗ ಅತ್ಯಲ್ಪ ಶಾಖ ಏರಿದರೂ ಕೇಂದ್ರವು ದೇಹವನ್ನು ಕೂಡಲೇ ತಂಪುಗೊಳಿಸಲು ತೊಡಗುತ್ತದೆ. ಚರ್ಮದ ರಕ್ತನಾಳಗಳು ಹಿಗ್ಗುತ್ತವೆ, ಬೆವರು ಹೊರಡುತ್ತದೆ. ಇದೇ ಝಳ.

ಹೀಗಾಗಿ ಯಾವುದೇ ಆಹಾರವು ಝಳಕ್ಕೆ ಮೂಲಕಾರಣವಲ್ಲ; ಬರಲು ಸಿದ್ಧವಾಗಿರುವುದನ್ನು ಅದು ಕೆರಳಿಸಬಹುದು, ಅಷ್ಟೆ. ಬಿಸಿ ಕಾಫಿ, ಚಹಾಗಳು ದೇಹದ ಶಾಖವನ್ನು ತುಸು ಏರಿಸುತ್ತವೆ. ಮೆಣಸಿನಕಾಯಿಯ ಖಾರವು ಬಾಯಿಯಲ್ಲಿ ಬಿಸಿಯನ್ನು ಅರಿಯುವ ನರಗಳನ್ನೇ ತಟ್ಟುವುದರಿಂದ ಮೆದುಳು ಅದನ್ನು ಶಾಖವೆಂದೇ ಭಾವಿಸುತ್ತದೆ. ಮದ್ಯವು ಚರ್ಮದ ರಕ್ತನಾಳಗಳನ್ನು ಹಿಗ್ಗಿಸುತ್ತದೆ. ಸಂಜೆ ಕುಡಿದುದರ ಪರಿಣಾಮವು ರಾತ್ರಿಯ ಬೆವರಿನಲ್ಲಿ ಕಾಣಬಹುದು. ಎಲೆ-ಅಡಿಕೆಯಿಂದಲೂ ಮೈ ಬಿಸಿಯಾಗುವುದುಂಟು. ಒಲೆಯ ಕಾವು, ಸೆಕೆಯ ಕೋಣೆ, ಕೋಪ ಮತ್ತು ಗಾಬರಿಗಳೂ ಈ ಸಾಲಿಗೆ ಸೇರುತ್ತವೆ. ಆದರೆ ಇವೆಲ್ಲವೂ ಎಲ್ಲರಿಗೂ ಒಗ್ಗದಿರುವುದಿಲ್ಲ. ಒಬ್ಬಳಿಗೆ ಝಳ ತರುವ ಖಾರ ನೆರೆಮನೆಯವಳಿಗೆ ಏನೂ ಮಾಡದಿರಬಹುದು.

ಉಷ್ಣ ಪದಾರ್ಥವೆಂಬ ಭಾವನೆ

ನಮ್ಮ ಹಳ್ಳಿಗಳಲ್ಲಿ ಝಳ ಬಂದೊಡನೆ ಮೊಟ್ಟೆ, ಎಳ್ಳು, ಬೆಲ್ಲ, ಪಪ್ಪಾಯಿಗಳನ್ನು ಉಷ್ಣವೆಂದು ಬಿಟ್ಟುಬಿಡುವುದು ರೂಢಿ. ಮುಟ್ಟು ನಿಂತ ಮೇಲೆ ಮೂಳೆಗಳು ಬೇಗ ಸವೆಯತೊಡಗುತ್ತವೆ. ಎಳ್ಳಿನಲ್ಲಿ ಮೂಳೆಗೆ ಬೇಕಾದ ಸುಣ್ಣದ ಅಂಶವೂ ಮೊಟ್ಟೆಯಲ್ಲಿ ಮಾಂಸಖಂಡಗಳಿಗೆ ಬೇಕಾದ ಪ್ರೋಟೀನೂ ಇವೆ. ಇವುಗಳಿಂದ ತನಗೆ ಝಳ ಬರುತ್ತದೆಯೇ ಎಂದು ಪರೀಕ್ಷಿಸದೆ ಬಿಡುವುದರಿಂದ ಝಳವೂ ನಿಲ್ಲುವುದಿಲ್ಲ, ದೇಹವೂ ಸೊರಗುತ್ತದೆ.

ಗುರುತು ಹಾಕುವ ಕ್ರಮ

ಎರಡು ವಾರ ಎಂದಿನಂತೆಯೇ ಊಟ-ಉಪಚಾರ ನಡೆಸುತ್ತ ಲೆಕ್ಕವಿಡಿರಿ. ಝಳ ಬಂದಾಗ ಹೊತ್ತನ್ನೂ, ಅದಕ್ಕೆ ಮುಂಚಿನ ಅರ್ಧ ಗಂಟೆಯಲ್ಲಿ ತಿಂದುದು, ಕುಡಿದುದು, ಇದ್ದ ಸ್ಥಳ ಇವುಗಳನ್ನೂ ಬರೆಯಿರಿ. ಬರೆಯಲು ಬಾರದವರು ಗೋಡೆಯ ಕ್ಯಾಲೆಂಡರಿನ ಮೇಲೆ ಗೆರೆ ಎಳೆದು, ವಿವರವನ್ನು ಗಂಡನಿಂದಲೋ ಮಕ್ಕಳಿಂದಲೋ ಬರೆಸಬಹುದು. ರಾತ್ರಿ ಬೆವರಿ ಎದ್ದುದನ್ನು ಪತಿಯು ನೆನಪಿಟ್ಟು ಗುರುತು ಹಾಕಿದರೆ ಅನುಕೂಲ.

ಇಲ್ಲಿ ಹೆಚ್ಚಿನವರು ತಪ್ಪುವ ಮಾತೊಂದಿದೆ. ಝಳ ಬಂದ ಸಂದರ್ಭವನ್ನು ಮಾತ್ರ ಬರೆದರೆ ಸಾಲದು. ನೀವು ಶಂಕಿಸುವ ಪದಾರ್ಥವನ್ನು ಸೇವಿಸಿಯೂ ಝಳ ಬಾರದಿದ್ದ ದಿನಗಳನ್ನೂ ಬರೆಯಬೇಕು. ದಿನಕ್ಕೆ ಎರಡು ಬಾರಿ ಕಾಫಿ ಕುಡಿಯುವವರಿಗೆ ಕೆಲವು ಝಳಗಳು ಕಾಫಿಯ ಹಿಂದೆಯೇ ಆಕಸ್ಮಿಕವಾಗಿ ಬಂದೇ ಬರುತ್ತವೆ.

ಒಂದು ಉದಾಹರಣೆ

48 ವರ್ಷದ ಗೃಹಿಣಿಯೊಬ್ಬಳನ್ನು ತೆಗೆದುಕೊಳ್ಳೋಣ. ಆಕೆಯ ಮುಟ್ಟು ನಿಂತು ಒಂದು ವರ್ಷ ಕಳೆದಿದೆ. ಕಾಫಿ ಮತ್ತು ಎಳ್ಳಿನ ಚಟ್ನಿಪುಡಿ ಇವೆರಡರ ಮೇಲೆ ಆಕೆಗೆ ಶಂಕೆ. ಪತಿಯ ನೆರವಿನಿಂದ 14 ದಿನ ಲೆಕ್ಕವಿಟ್ಟಳು.

ಮಧ್ಯಾಹ್ನದ ಊಟದಲ್ಲಿ ಚಟ್ನಿಪುಡಿ ತಿಂದ 8 ದಿನಗಳಲ್ಲಿ 2 ದಿನ ಊಟದ ಬಳಿಕ ಝಳ ಬಂದಿತ್ತು. ತಿನ್ನದ 6 ದಿನಗಳಲ್ಲಿಯೂ 2 ದಿನ ಬಂದಿತ್ತು. ಆದುದರಿಂದ ಎಳ್ಳಿನ ಮೇಲಿನ ದೂರಿಗೆ ಆಧಾರ ಸಿಗಲಿಲ್ಲ. ಕಾಫಿಯ ಲೆಕ್ಕ ಬೇರೆಯಾಗಿತ್ತು. ಬೆಳಗಿನ ಕಾಫಿಯ ಬಳಿಕ 14 ದಿನಗಳಲ್ಲಿ 3 ದಿನ ಮಾತ್ರ ಝಳ ಬಂದರೆ, ಸಂಜೆಯ ಕಾಫಿಯ ಬಳಿಕ 10 ದಿನ ಬಂದಿತ್ತು. ಎರಡು ಹೊತ್ತೂ ಅದೇ ಪುಡಿ, ಅದೇ ಲೋಟ. ಭೇದವೆಲ್ಲಿ? ಬೆಳಿಗ್ಗೆ ಆಕೆ ಜಗಲಿಯಲ್ಲಿ ಕುಳಿತು ಕುಡಿಯುತ್ತಿದ್ದಳು. ಸಂಜೆ ಉರಿಯುವ ಒಲೆಯ ಮುಂದೆ ರೊಟ್ಟಿ ತಟ್ಟುತ್ತ ಕುಡಿಯುತ್ತಿದ್ದಳು.

ಮೂರನೆಯ ವಾರ ಸಂಜೆಯ ಕಾಫಿಯನ್ನು ಅಷ್ಟೇ ಬಿಸಿಯಾಗಿ, ಆದರೆ ಒಲೆ ಹಚ್ಚುವುದಕ್ಕೆ ಅರ್ಧ ಗಂಟೆ ಮುಂಚೆ ಜಗಲಿಯಲ್ಲಿ ಕುಡಿದಳು. ಆ 7 ಸಂಜೆಗಳಲ್ಲಿ 2 ಬಾರಿ ಮಾತ್ರ ಝಳ ಬಂತು. ನಾಲ್ಕನೆಯ ವಾರ ಮತ್ತೆ ಹಳೆಯ ರೀತಿಯಲ್ಲಿ ಒಲೆಯ ಮುಂದೆ ಕುಡಿದಾಗ 5 ಬಾರಿ ಬಂತು. ಬಿಟ್ಟಾಗ ಇಳಿದು, ಮರಳಿ ತಂದಾಗ ಏರಿದರೆ ಗುರುತು ಸರಿಯೆಂದು ಬಹುಮಟ್ಟಿಗೆ ನಂಬಬಹುದು. ಆಕೆ ಕಾಫಿಯನ್ನು ಬಿಡಬೇಕಾಗಲಿಲ್ಲ. ಬಿಸಿ ಲೋಟವನ್ನೂ ಒಲೆಯ ಕಾವನ್ನೂ ಬೇರ್ಪಡಿಸಿದರೆ ಸಾಕಾಯಿತು. ಆದರೂ ಆಕೆಯ ರಾತ್ರಿಯ ಝಳಗಳು ಹಾಗೆಯೇ ಉಳಿದವು. ಎಷ್ಟೋ ಝಳಗಳು ಯಾವ ಕೆರಳಿಕೆಯೂ ಇಲ್ಲದೆ ಬರುತ್ತವೆ.

ನೀವೂ ಹೀಗೆಯೇ ಒಂದು ವಾರಕ್ಕೆ ಒಂದೇ ಸಂಗತಿಯನ್ನು ಬದಲಿಸಿರಿ. ಖಾರ, ಕಾಫಿ, ಎಲೆ-ಅಡಿಕೆಗಳನ್ನು ಒಮ್ಮೆಗೇ ಬಿಟ್ಟರೆ ಯಾವುದರಿಂದ ಗುಣವಾಯಿತೆಂದು ತಿಳಿಯದು. ಖಾರದ ಶಂಕೆಯಿದ್ದರೆ ಸಾರನ್ನು ಆರಿಸಿ ಉಣ್ಣಿರಿ; ಆಗಲೂ ಝಳ ಬಂದರೆ ಮುಂದಿನ ವಾರ ಮೆಣಸಿನಕಾಯಿಯನ್ನು ಅರ್ಧಕ್ಕೆ ಇಳಿಸಿರಿ. ಮದ್ಯ ಮತ್ತು ಎಲೆ-ಅಡಿಕೆಗಳನ್ನು ಬಿಟ್ಟು ನೋಡಿದ ಮೇಲೆ ಪರೀಕ್ಷೆಗೆಂದು ಮರಳಿ ತರಬೇಕಾಗಿಲ್ಲ. ಬೇರೆ ಕಾರಣಗಳಿಗಾಗಿಯೂ ಅವನ್ನು ಬಿಡುವುದೇ ಲೇಸು. ಒಂದು ಪದಾರ್ಥವನ್ನು ಬಿಟ್ಟರೂ ಝಳ ತಗ್ಗದಿದ್ದರೆ ಅದನ್ನು ಮತ್ತೆ ಊಟಕ್ಕೆ ಸೇರಿಸಿಕೊಳ್ಳಿರಿ.

ವೈದ್ಯರನ್ನು ಯಾವಾಗ ಕಾಣಬೇಕು?

ಎಲ್ಲ ಬೆವರೂ ಮುಟ್ಟು ನಿಲ್ಲುವುದರ ಲಕ್ಷಣವಲ್ಲ. ರಾತ್ರಿ ಬೆವರುವುದರ ಜೊತೆಗೆ ಸಂಜೆಯ ಜ್ವರ, ಎರಡು ವಾರ ಮೀರಿದ ಕೆಮ್ಮು ಅಥವಾ ತೂಕ ಇಳಿಯುವಿಕೆ ಇದ್ದರೆ ಕ್ಷಯದ ಪರೀಕ್ಷೆಯಾಗಬೇಕು. ಎದೆಬಡಿತ ಸದಾ ಜೋರಾಗಿದ್ದು ಕೈ ನಡುಗುತ್ತಿದ್ದರೆ ಥೈರಾಯ್ಡ್ ಗ್ರಂಥಿಯ ದೋಷವಿರಬಹುದು. ಮಧುಮೇಹಕ್ಕೆ ಔಷಧಿ ತೆಗೆದುಕೊಳ್ಳುವವರು ಬೆವರಿ, ನಡುಗಿ, ತಲೆಸುತ್ತು ಬಂದರೆ ಸಕ್ಕರೆ ಕಡಮೆಯಾಗಿದೆಯೆಂದು ಶಂಕಿಸಿ ಕೂಡಲೇ ಸಕ್ಕರೆ ನೀರು ಕುಡಿಯಬೇಕು. ಮುಟ್ಟು ನಿಂತು ಒಂದು ವರ್ಷದ ಮೇಲೆ ಹನಿ ರಕ್ತ ಕಂಡರೂ, 40 ವರ್ಷಕ್ಕೆ ಮುಂಚೆಯೇ ಮುಟ್ಟು ನಿಂತರೂ ತಡಮಾಡದೆ ಪರೀಕ್ಷಿಸಿಕೊಳ್ಳತಕ್ಕದ್ದು.

ಝಳದಿಂದ ನಿದ್ರೆ ಕೆಟ್ಟು ಕೆಲಸಕ್ಕೆ ಅಡ್ಡಿಯಾಗುತ್ತಿದ್ದರೆ ಅದಕ್ಕೆ ಪರಿಣಾಮಕಾರಿಯಾದ ಔಷಧಿಗಳಿವೆ. ಯಾರಿಗೆ ಯಾವುದು ಸಲ್ಲುತ್ತದೆಂಬುದನ್ನು ವೈದ್ಯರೇ ನಿರ್ಣಯಿಸಬೇಕು. ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಬರುವಾಗ ಎರಡು ವಾರದ ಲೆಕ್ಕದ ಹಾಳೆಯನ್ನು ತಪ್ಪದೆ ತನ್ನಿರಿ.