ಸೇವಾ ಮಾರುಕಟ್ಟೆ ಮಿಶ್ರಣದ ಏಳು ಅಂಶಗಳು: ಪುನರಾವಲೋಕನ ಪ್ರಶ್ನೋತ್ತರ
(ಶುದ್ಧ ಕುಡಿಯುವ ನೀರಿನ ಘಟಕದ ನಿದರ್ಶನದೊಂದಿಗೆ)

ಗ್ರಾಮ ಪಂಚಾಯಿತಿಯ ಮಾನ್ಯ ಸದಸ್ಯರು ಸೇವಾ ಮಾರುಕಟ್ಟೆಯ ಏಳು ಅಂಶಗಳನ್ನು ಪುನಃ ಮನನ ಮಾಡಿಕೊಳ್ಳಲು ಅನುಕೂಲವಾಗುವಂತೆ ಕೆಳಗಿನ ಪ್ರಶ್ನೋತ್ತರಗಳನ್ನು ನೀಡಲಾಗಿದೆ. ಎಲ್ಲ ಉತ್ತರಗಳಿಗೂ ಶುದ್ಧ ಕುಡಿಯುವ ನೀರಿನ ಘಟಕವನ್ನೇ ಆಧಾರವಾಗಿ ಇಟ್ಟುಕೊಳ್ಳಲಾಗಿದೆ. ಲೆಕ್ಕಾಚಾರದಲ್ಲಿ ಬರುವ ಗ್ರಾಮ ಹಾಗೂ ಮೊತ್ತಗಳು ಅಭ್ಯಾಸಕ್ಕಾಗಿ ಕಲ್ಪಿಸಿದವು.

ಪ್ರಶ್ನೆ 1: ಏಳು ಅಂಶಗಳು ಯಾವುವು? ಅವು ಏಳಾದುದು ಹೇಗೆ?

ಉತ್ತರ: ಉತ್ಪನ್ನ, ಬೆಲೆ, ಸ್ಥಳ ಮತ್ತು ಪ್ರಚಾರ ಎಂಬ ನಾಲ್ಕು ಅಂಶಗಳ ವರ್ಗೀಕರಣವನ್ನು ಅಮೆರಿಕದ ಜೆರೋಮ್ ಮೆಕಾರ್ಥಿ 1960ರಲ್ಲಿ ಮುಂದಿಟ್ಟರು. ಅದು ಮುಖ್ಯವಾಗಿ ಸರಕುಗಳನ್ನು ಗಮನದಲ್ಲಿಟ್ಟುಕೊಂಡ ವರ್ಗೀಕರಣವಾಗಿತ್ತು. ಸೇವೆಗೆ ಇವಿಷ್ಟೇ ಸಾಲವೆಂದು ಬೂಮ್ಸ್ ಮತ್ತು ಬಿಟ್ನರ್ 1981ರಲ್ಲಿ ಜನ, ಪ್ರಕ್ರಿಯೆ ಮತ್ತು ಭೌತಿಕ ಸಾಕ್ಷ್ಯ ಎಂಬ ಮೂರನ್ನು ಸೇರಿಸಿದರು.

ಪ್ರಶ್ನೆ 2: ಘಟಕದಲ್ಲಿ ಮಾರುವುದು ನೀರು. ನೀರು ಸರಕಲ್ಲವೇ? ಅದನ್ನು ಸೇವೆ ಎನ್ನುವುದೇಕೆ?

ಉತ್ತರ: ಮನೆಯ ನಲ್ಲಿಯಲ್ಲಿಯೂ ನೀರು ಬರುತ್ತದೆ. ಹೀಗಿರುವಾಗ ಗ್ರಾಮಸ್ಥರು ಹಣ ಕೊಟ್ಟು ಪಡೆಯುವುದು ಆ ನೀರನ್ನು ಶುದ್ಧೀಕರಿಸಿ, ಬೇಕಾದ ವೇಳೆಗೆ, ನಂಬಿಕೆಗೆ ಅರ್ಹವಾಗಿ ಒದಗಿಸುವ ಕಾರ್ಯವನ್ನು. ಇದೇ ಇಲ್ಲಿನ ‘ಉತ್ಪನ್ನ’. ಇದರ ಗುಣಮಟ್ಟ ಕಣ್ಣಿಗೆ ಕಾಣುವುದಿಲ್ಲ. ಫ್ಲೋರೈಡ್ ಹೆಚ್ಚಿರುವ ನೀರೂ ತಿಳಿಯಾಗಿಯೇ ಇರುತ್ತದೆ, ರುಚಿಯಿಂದಲೂ ಅದು ತಿಳಿಯದು. ಮತ್ತೊಂದು ಲಕ್ಷಣವೆಂದರೆ ಸೇವೆಯನ್ನು ಕೂಡಿಡಲಾಗದು. ನಿರ್ವಾಹಕರು ಮಧ್ಯಾಹ್ನ ಗಿರಾಕಿಯಿಲ್ಲದೆ ಕಳೆದ ಒಂದು ಗಂಟೆಯನ್ನು ಸಂಜೆಯ ಸಾಲಿಗೆ ಬಳಸಿಕೊಳ್ಳಲು ಸಾಧ್ಯವಿಲ್ಲ.

ಪ್ರಶ್ನೆ 3: ಘಟಕ ನಷ್ಟದಲ್ಲಿದ್ದರೆ ಮೊದಲು ಬೆಲೆಯನ್ನು ಇಳಿಸಿ ಹೆಚ್ಚು ಜನರನ್ನು ಸೆಳೆಯಬೇಕೆ?

ಉತ್ತರ: ಲೆಕ್ಕ ಹಾಕದೆ ಇಳಿಸಬಾರದು. ಒಂದು ಗ್ರಾಮದ ಘಟಕದಲ್ಲಿ 20 ಲೀಟರಿನ ಕ್ಯಾನಿಗೆ 5 ರೂ. ದರವಿದೆ ಎಂದುಕೊಳ್ಳೋಣ. ದಿನಕ್ಕೆ 80 ಕ್ಯಾನುಗಳಂತೆ ತಿಂಗಳಿಗೆ 2,400 ಕ್ಯಾನು ಹೋಗುತ್ತವೆ, ಆದಾಯ 12,000 ರೂ. ನಿರ್ವಾಹಕರ ಗೌರವಧನ, ನೀರಿನ ಪರೀಕ್ಷೆ, ಫಿಲ್ಟರ್ ಮತ್ತು ಮೆಂಬ್ರೇನ್ ಬದಲಾವಣೆಗೆ ತೆಗೆದಿಡುವ ಹಣ ಸೇರಿ ಸ್ಥಿರ ವೆಚ್ಚ 11,000 ರೂ. ಆಗುತ್ತದೆ. ಇದು ಎಷ್ಟು ಕ್ಯಾನು ಮಾರಿದರೂ ಬದಲಾಗದು. ವಿದ್ಯುತ್ ಮತ್ತು ರಾಸಾಯನಿಕಗಳಿಗೆ ಪ್ರತಿ ಕ್ಯಾನಿಗೆ 1 ರೂ., ಅಂದರೆ 2,400 ರೂ. ಒಟ್ಟು ವೆಚ್ಚ 13,400 ರೂ., ಕೊರತೆ 1,400 ರೂ.

ದರವನ್ನು 3 ರೂ.ಗೆ ಇಳಿಸಿದರೆ ಪ್ರತಿ ಕ್ಯಾನಿನಲ್ಲಿ ಸ್ಥಿರ ವೆಚ್ಚಕ್ಕೆ ಉಳಿಯುವುದು 2 ರೂ. ಮಾತ್ರ. ಆಗ 11,000 ರೂ. ತುಂಬಲು ತಿಂಗಳಿಗೆ 5,500 ಕ್ಯಾನು, ಅಂದರೆ ದಿನಕ್ಕೆ ಸುಮಾರು 184 ಕ್ಯಾನು ಹೋಗಬೇಕು. ದರವನ್ನು 5 ರೂ.ನಲ್ಲಿಯೇ ಉಳಿಸಿದರೆ ಪ್ರತಿ ಕ್ಯಾನಿನಲ್ಲಿ 4 ರೂ. ಉಳಿಯುತ್ತದೆ, 2,750 ಕ್ಯಾನು ಸಾಕು. ಅಂದರೆ ದಿನಕ್ಕೆ 92. ಈಗಿನ ಮಾರಾಟಕ್ಕೆ 12 ಕ್ಯಾನು ಸೇರಿದರೆ ಕೊರತೆ ನೀಗುತ್ತದೆ. ಆದುದರಿಂದ ಕೇಳಬೇಕಾದ ಪ್ರಶ್ನೆ, ಆ 12 ಕ್ಯಾನುಗಳು ಏಕೆ ಬರುತ್ತಿಲ್ಲ ಎಂಬುದು.

ಪ್ರಶ್ನೆ 4: ಘಟಕ ಊರ ನಡುವೆಯೇ ಇದೆ. ಹಾಗಾದರೆ ‘ಸ್ಥಳ’ದಲ್ಲಿ ಲೋಪವಿರಲು ಸಾಧ್ಯವೇ?

ಉತ್ತರ: ಸಾಧ್ಯ. ಸೇವೆಯ ಮಟ್ಟಿಗೆ ‘ಸ್ಥಳ’ ಎಂಬುದರಲ್ಲಿ ವೇಳೆಯೂ ಸೇರಿದೆ. ಮೇಲಿನ ಘಟಕ ಬೆಳಿಗ್ಗೆ 9ರಿಂದ ಸಂಜೆ 5ರವರೆಗೆ ತೆರೆದಿರುತ್ತದೆ. ಕೂಲಿಗೆ ಹೋಗುವ ಮನೆಯವರು 8ಕ್ಕೇ ಹೊರಟು 6ಕ್ಕೆ ಹಿಂದಿರುಗುತ್ತಾರೆ. ಅವರ ಪಾಲಿಗೆ ಘಟಕ ಇದ್ದೂ ಇಲ್ಲದಂತೆ. ಇಂತಹ 24 ಮನೆಗಳು ದಿನ ಬಿಟ್ಟು ದಿನ ಒಂದೊಂದು ಕ್ಯಾನು ಒಯ್ದರೂ ದಿನಕ್ಕೆ 12 ಕ್ಯಾನು ಆಗುತ್ತದೆ. ಬೆಳಿಗ್ಗೆ 6ರಿಂದ 10, ಸಂಜೆ 4ರಿಂದ 8 ಎಂದು ವೇಳೆ ಬದಲಿಸಿದರೆ ಕೆಲಸದ ಅವಧಿ ಎಂಟು ಗಂಟೆಯಾಗಿಯೇ ಉಳಿಯುತ್ತದೆ.

ಆದರೆ ಬದಲಿಸುವ ಮುನ್ನ ಮೂರು ಸಂಗತಿಗಳನ್ನು ನೋಡಬೇಕು. ಒಂದು ವಾರ ಯಾವ ಗಂಟೆಗೆ ಎಷ್ಟು ಕ್ಯಾನು ಹೋಯಿತೆಂದು ವಹಿಯಲ್ಲಿ ಬರೆಸಬೇಕು. ಇಲ್ಲವಾದರೆ ನಡುಹಗಲಿನ ಗಿರಾಕಿಗಳನ್ನು ಕಳೆದುಕೊಳ್ಳುವ ಸಂಭವವಿದೆ. ಸಂಜೆ ವಿದ್ಯುತ್ ಇರುವುದೇ ಎಂದು ಖಚಿತಪಡಿಸಿಕೊಳ್ಳಬೇಕು, ಏಕೆಂದರೆ ಕ್ಯಾನು ತುಂಬಿಸುವ ಪಂಪಿಗೂ ವಿದ್ಯುತ್ ಬೇಕು. ಎರಡು ಪಾಳಿಗೆ ನಿರ್ವಾಹಕರ ಒಪ್ಪಿಗೆಯೂ ಇರಬೇಕು.

ಪ್ರಶ್ನೆ 5: ‘ಪ್ರಕ್ರಿಯೆ’ ಮತ್ತು ‘ಜನ’ ಎಂಬ ಅಂಶಗಳಲ್ಲಿನ ಲೋಪವನ್ನು ಗುರುತಿಸುವುದು ಹೇಗೆ?

ಉತ್ತರ: ನಾಣ್ಯ ಹಾಕಿ, ಕ್ಯಾನು ಇಟ್ಟು, ತುಂಬಿಸಿ, ಎತ್ತಿಕೊಳ್ಳುವ ಹಂತಗಳೇ ಇಲ್ಲಿ ಪ್ರಕ್ರಿಯೆ. ಒಬ್ಬರಿಗೆ 2 ನಿಮಿಷ ಹಿಡಿದರೆ ಹದಿನೈದನೆಯವರು 28 ನಿಮಿಷ ಕಾಯುತ್ತಾರೆ. ಸಾಲು ನೋಡಿ ಹಿಂದಿರುಗುವವರು ದೂರು ಕೊಡುವುದಿಲ್ಲ, ವಹಿಯಲ್ಲಿಯೂ ಕಾಣುವುದಿಲ್ಲ. ಆದುದರಿಂದ ಸದಸ್ಯರೊಬ್ಬರು ಸಂಜೆ ಅರ್ಧ ಗಂಟೆ ಅಲ್ಲಿ ನಿಂತು ಎಣಿಸುವುದೇ ಸರಿಯಾದ ಕ್ರಮ. ಚಿಲ್ಲರೆ ಸಿಗದಿರುವುದು, ಯಂತ್ರ ನಾಣ್ಯ ನುಂಗಿದಾಗ ಹಣ ಹಿಂತಿರುಗಿಸುವ ಏರ್ಪಾಡು ಇಲ್ಲದಿರುವುದು ಇವೂ ಪ್ರಕ್ರಿಯೆಯ ಲೋಪಗಳೇ.

‘ಜನ’ ಎಂದರೆ ನಿರ್ವಾಹಕರು ಮಾತ್ರವಲ್ಲ, ಸಾಲಿನಲ್ಲಿ ನಿಂತವರೂ ಹೌದು. ಯಾವುದೇ ಕೇರಿಯವರು ಸಾಲಿನಲ್ಲಿ ನಿಲ್ಲಲು ಹಿಂಜರಿಯುವ ಸ್ಥಿತಿಯಿದ್ದರೆ ಬೆಲೆ, ವೇಳೆ ಎರಡೂ ಸರಿಯಿದ್ದರೂ ಸೇವೆ ಅವರಿಗೆ ತಲುಪದು. ಬಂದ ಕ್ರಮದಲ್ಲಿಯೇ ನೀರು ಸಿಗುವಂತೆ ನಿರ್ವಾಹಕರಿಗೆ ಸ್ಪಷ್ಟ ಸೂಚನೆ ಇರಬೇಕು.

ಪ್ರಶ್ನೆ 6: ‘ಭೌತಿಕ ಸಾಕ್ಷ್ಯ’ ಎಂದರೆ ಕಟ್ಟಡಕ್ಕೆ ಬಣ್ಣ ಬಳಿಸುವುದೇ?

ಉತ್ತರ: ಸ್ವಚ್ಛವಾದ ಕಟ್ಟೆ, ಪಾಚಿಯಿಲ್ಲದ ನಲ್ಲಿ ಇವೂ ಸಾಕ್ಷ್ಯಗಳೇ. ಆದರೆ ಕಾಣದ ಗುಣಮಟ್ಟವನ್ನು ಕಾಣಿಸುವುದೇ ಇದರ ಮುಖ್ಯ ಉದ್ದೇಶ. ಭಾರತೀಯ ಮಾನಕ 10500ರ ಪ್ರಕಾರ ಕುಡಿಯುವ ನೀರಿನಲ್ಲಿ ಕರಗಿದ ಘನವಸ್ತುಗಳ ಒಟ್ಟು ಪ್ರಮಾಣದ, ಅಂದರೆ ಟಿಡಿಎಸ್‌ನ, ಸ್ವೀಕಾರಾರ್ಹ ಮಿತಿ ಲೀಟರಿಗೆ 500 ಮಿಲಿಗ್ರಾಂ. ಫ್ಲೋರೈಡಿಗೆ ಇದು 1 ಮಿಲಿಗ್ರಾಂ, ಬೇರೆ ಜಲಮೂಲವಿಲ್ಲದಿದ್ದಲ್ಲಿ 1.5 ಮಿಲಿಗ್ರಾಂವರೆಗೆ ಅನುಮತಿ ಇದೆ. ಘಟಕದ ಗೋಡೆಯ ಫಲಕದಲ್ಲಿ ಕೊಳವೆಬಾವಿಯ ನೀರಿನ ಮತ್ತು ಶುದ್ಧೀಕರಿಸಿದ ನೀರಿನ ಟಿಡಿಎಸ್ ಅನ್ನು ದಿನಾಂಕದೊಂದಿಗೆ ಬರೆಯಬೇಕು.

ಶುದ್ಧ ನೀರಿನ ಟಿಡಿಎಸ್ ವಾರದಿಂದ ವಾರಕ್ಕೆ ಏರುತ್ತಿದ್ದರೆ ಮೆಂಬ್ರೇನ್ ಹಾಳಾಗುತ್ತಿರುವ ಸೂಚನೆಯೆಂದು ತಿಳಿದು ಪರಿಶೀಲಿಸಬೇಕು. ಹೀಗೆ ಫಲಕವು ಗ್ರಾಮಸ್ಥರಿಗೆ ಸಾಕ್ಷ್ಯವಾದಂತೆ ಪಂಚಾಯಿತಿಗೆ ಎಚ್ಚರಿಕೆಯೂ ಆಗುತ್ತದೆ. ಆದರೆ ಟಿಡಿಎಸ್ ಮಾಪಕ ರೋಗಾಣುಗಳನ್ನಾಗಲಿ, ಫ್ಲೋರೈಡನ್ನು ಪ್ರತ್ಯೇಕವಾಗಿಯಾಗಲಿ ತೋರಿಸದು. ಅದಕ್ಕೆ ಪ್ರಯೋಗಾಲಯದ ಪರೀಕ್ಷೆಯೇ ಆಗಬೇಕು.

ಪ್ರಶ್ನೆ 7: ‘ಪ್ರಚಾರ’ ಕೊನೆಗೆ ಬಂದುದೇಕೆ?

ಉತ್ತರ: ವೇಳೆ, ಸಾಲು, ನೀರಿನ ಗುಣಮಟ್ಟ ಇವು ಸರಿಯಾಗುವ ಮುನ್ನ ಡಂಗುರ ಹೊಡೆಸಿದರೆ ಬಂದವರು ಬರಿಗೈಲಿ ಮರಳುತ್ತಾರೆ, ಮತ್ತೆ ಕರೆದರೆ ಬರುವುದು ಕಷ್ಟ. ಎಲ್ಲವೂ ಸರಿಯಾದ ಬಳಿಕ ಹೊಸ ವೇಳೆಯನ್ನು ಗ್ರಾಮಸಭೆಯಲ್ಲಿ, ಸ್ವಸಹಾಯ ಸಂಘಗಳ ಸಭೆಯಲ್ಲಿ ಹಾಗೂ ಕೂಲಿ ಕೆಲಸದ ಸ್ಥಳದಲ್ಲಿ ತಿಳಿಸಿದರೆ ಸಾಕು.

ಸ್ವಯಂ ಅಭ್ಯಾಸ: ಒಂದು ಘಟಕದಲ್ಲಿ ದರ 5 ರೂ., ಪ್ರತಿ ಕ್ಯಾನಿನ ವೆಚ್ಚ 1 ರೂ., ತಿಂಗಳ ಸ್ಥಿರ ವೆಚ್ಚ 9,600 ರೂ. ದಿನಕ್ಕೆ ಎಷ್ಟು ಕ್ಯಾನು ಹೋದರೆ ಕೊರತೆಯಿರದು? (ಉತ್ತರ: 9,600 ಅನ್ನು 4ರಿಂದ ಭಾಗಿಸಿದರೆ ತಿಂಗಳಿಗೆ 2,400, ದಿನಕ್ಕೆ 80.) ಸದಸ್ಯರು ತಮ್ಮ ಗ್ರಾಮದ ಘಟಕದ ವಹಿಯಿಂದ ಇದೇ ಮೂರು ಅಂಕಿಗಳನ್ನು ತೆಗೆದು ಲೆಕ್ಕ ಹಾಕಿ, ದರ ಪರಿಷ್ಕರಣೆಯ ವಿಷಯ ಸಾಮಾನ್ಯ ಸಭೆಯ ಮುಂದೆ ಬಂದಾಗ ಮಂಡಿಸಬಹುದು.