ಕರೆಯುವ ಮುಂಚೆ ಯಾಕೆಂದು ಹೇಳಮ್ಮ

ನೋಡಮ್ಮ, ನೀನು ಟೀಮ್ ಲೀಡ್ ಆದ ಮೇಲೆ ನಿನಗೆ ಹೇಳಲೇಬೇಕು ಅನ್ನಿಸಿದ ಮಾತೊಂದಿದೆ. ಅದು ನೀನು ಮೀಟಿಂಗಿಗೆ ಜನರನ್ನು ಕರೆಯುವ ರೀತಿಯ ಬಗ್ಗೆ. ಇವತ್ತು ಬೆಳಿಗ್ಗೆ ಕಳಿಸಿದ್ದನ್ನೇ ತಗೋ. ಶೀರ್ಷಿಕೆ ‘ಕ್ವಿಕ್ ಕಾಲ್’. ನಾಳೆ, ಬುಧವಾರ, ಸಂಜೆ 4.30ರಿಂದ 5.30. ಹನ್ನೊಂದು ಜನಕ್ಕೆ ಹೋಗಿದೆ, ಅದರಲ್ಲಿ ಫ್ರಾಂಕ್‌ಫರ್ಟಿನ ಗ್ರಾಹಕರ ಕಡೆಯವರೂ ಇದ್ದಾರೆ. ವಿವರ ಬರೆಯುವ ಜಾಗ ಖಾಲಿ.

ವಿಷಯ ಏನೆಂದು ನಿನಗೆ ಚೆನ್ನಾಗಿ ಗೊತ್ತು. ಶುಕ್ರವಾರದ ರಿಲೀಸಿನಲ್ಲಿ ಕೆಲವು ಬಿಲ್ಲುಗಳ ತೆರಿಗೆ ಮೊತ್ತ ಒಂದು ಸೆಂಟ್ ಹೆಚ್ಚುಕಡಿಮೆ ಬರುತ್ತಿದೆ. ಒಂದೊಂದು ಸಾಲನ್ನೂ ರೌಂಡ್ ಮಾಡಿ ಕೂಡಿಸಿದರೆ ಒಂದು ಉತ್ತರ, ಎಲ್ಲ ಕೂಡಿಸಿ ಕೊನೆಗೆ ರೌಂಡ್ ಮಾಡಿದರೆ ಇನ್ನೊಂದು ಉತ್ತರ. ಹೀಗೇ ಬಿಡಬೇಕೋ, ಸರಿಮಾಡಿ ಸೋಮವಾರ ಬಿಡಬೇಕೋ ಅನ್ನುವುದು ನಿನ್ನ ಪ್ರಶ್ನೆ. ಆದರೆ ಕರೆ ಓದಿದವರಿಗೆ ಇದರಲ್ಲಿ ಒಂದಕ್ಷರವೂ ತಿಳಿಯುವುದಿಲ್ಲ. ಟೆಸ್ಟಿಂಗ್ ಹುಡುಗ ತಪ್ಪು ಬಂದ ಬಿಲ್ಲುಗಳ ಪಟ್ಟಿ ಹಿಡಿದುಕೊಳ್ಳದೆ ಬರುತ್ತಾನೆ. ತೀರ್ಮಾನ ಕೊಡಬೇಕಾದ ಪ್ರಾಡಕ್ಟ್ ಮ್ಯಾನೇಜರು ಯಾವುದೋ ಮಾಮೂಲಿ ಕರೆ ಅಂದುಕೊಂಡು ಬರುವುದೇ ಇಲ್ಲ. ಮೊದಲ ಇಪ್ಪತ್ತು ನಿಮಿಷ ಹಿನ್ನೆಲೆ ಹೇಳುವುದರಲ್ಲೇ ಹೋಗುತ್ತದೆ. ಕೊನೆಗೆ ‘ನಾಳೆ ಮತ್ತೆ ಸೇರೋಣ’ ಅನ್ನುತ್ತೀರಿ. ಎರಡನೇ ಮೀಟಿಂಗ್ ಬೇಕಾಯಿತು ಅಂದರೆ ಮುಕ್ಕಾಲು ಪಾಲು ಮೊದಲ ಕರೆಯಲ್ಲೇ ಏನೋ ಬಿಟ್ಟುಹೋಗಿದೆ ಅಂತ ತಿಳಿ.

ಹಾಗಾಗಿ ಕ್ಯಾಲೆಂಡರ್ ತೆರೆಯುವ ಮೊದಲು ಒಂದು ವಾಕ್ಯ ಬರಿ: ‘ಈ ಮೀಟಿಂಗ್ ಮುಗಿದಾಗ ನಮ್ಮ ಕೈಯಲ್ಲಿ ಇಂಥದ್ದು ಇರಬೇಕು.’ ಆ ‘ಇಂಥದ್ದು’ ಒಂದು ತೀರ್ಮಾನ ಇರಬಹುದು, ಒಂದು ಪಟ್ಟಿ ಇರಬಹುದು, ಯಾರ ಕೆಲಸ ಯಾವುದು ಅನ್ನುವ ಹಂಚಿಕೆ ಇರಬಹುದು. ‘ಚರ್ಚೆ’ ಅಂತ ಮಾತ್ರ ಬರೆಯಬೇಡ. ಚರ್ಚೆ ಎಷ್ಟು ಹೊತ್ತಾದರೂ ಆಗುತ್ತದೆ, ಮುಗಿಯಿತೋ ಇಲ್ಲವೋ ಹೇಳುವವರು ಯಾರು? ಆ ವಾಕ್ಯ ಪೂರ್ತಿ ಆಗದೇ ಹೋದರೆ ಮೀಟಿಂಗ್ ಕರೆಯುವ ಹೊತ್ತು ಇನ್ನೂ ಬಂದಿಲ್ಲ. ನಿನಗೆ ಬೇಕಾದದ್ದು ಒಬ್ಬರಿಂದ ಒಂದು ಉತ್ತರ ಅಷ್ಟೇ ಆಗಿದ್ದರೆ ಅವರಿಗೆ ಒಂದು ಮೆಸೇಜ್ ಹಾಕು, ಮುಗೀತು.

ನಾಳಿನ ಕರೆಯನ್ನು ನಾನಾದರೆ ಹೀಗೆ ತಿದ್ದುತ್ತಿದ್ದೆ. ನೀನು ಇಂಗ್ಲಿಷಿನಲ್ಲೇ ಬರೆಯಬೇಕು, ಆದರೆ ಹೂರಣ ಇಷ್ಟು:

ಶುಕ್ರವಾರದ ರಿಲೀಸ್: ಬಿಡುವುದೋ, ಸೋಮವಾರಕ್ಕೆ ಹಾಕುವುದೋ – ತೀರ್ಮಾನ
ಬುಧವಾರ, ಬೆಂಗಳೂರು ಮಧ್ಯಾಹ್ನ 2.30–3.00, ಫ್ರಾಂಕ್‌ಫರ್ಟ್ ಬೆಳಿಗ್ಗೆ 10.00–10.30
ಕೆಲವು ಬಿಲ್ಲುಗಳ ತೆರಿಗೆಯಲ್ಲಿ ಒಂದು ಸೆಂಟ್ ವ್ಯತ್ಯಾಸ ಬರುತ್ತಿದೆ. ರಿಲೀಸ್ ದಿನ ಇದೇ ಮೀಟಿಂಗಿನಲ್ಲಿ ನಿಶ್ಚಯ ಆಗಬೇಕು.
10 ನಿಮಿಷ: ಯಾವ ಬಗೆಯ ಬಿಲ್ಲಿನಲ್ಲಿ ತಪ್ಪು ಬರುತ್ತದೆ? (ಟೆಸ್ಟಿಂಗ್)
10 ನಿಮಿಷ: ಸೋಮವಾರದವರೆಗೆ ಇಂಥ ಬಿಲ್ಲು ಹೊರಗೆ ಹೋದರೆ ನಡೆಯುತ್ತದೆಯೇ? (ಗ್ರಾಹಕರು)
10 ನಿಮಿಷ: ತೀರ್ಮಾನ (ಪ್ರಾಡಕ್ಟ್ ಮ್ಯಾನೇಜರ್)
ಬರುವ ಮೊದಲು: ಟೆಸ್ಟಿಂಗ್‌ನವರು ಬುಧವಾರ ಬೆಂಗಳೂರು ಸಮಯ 12 ಗಂಟೆಯೊಳಗೆ ಬಿಲ್ಲುಗಳ ಪಟ್ಟಿಯನ್ನು ಇಲ್ಲಿ ಸೇರಿಸಬೇಕು. ಉಳಿದವರು ಅದರ ಮೊದಲ ಪುಟ ಓದಿರಬೇಕು.
ಟೆಸ್ಟಿಂಗ್, ಗ್ರಾಹಕರ ಕಡೆಯ ಒಬ್ಬರು, ಪ್ರಾಡಕ್ಟ್ ಮ್ಯಾನೇಜರ್, ನಾನು – ನಾವು ನಾಲ್ವರು ಬರಲೇಬೇಕು. ಮಿಕ್ಕವರಿಗೆ ಐಚ್ಛಿಕ, ತೀರ್ಮಾನವನ್ನು ಬೆಂಗಳೂರು ಸಮಯ 4 ಗಂಟೆಗೆ ಬರೆದು ಕಳಿಸುತ್ತೇನೆ.

ಇದರಲ್ಲಿ ಎರಡು ಸಂಗತಿ ಗಮನಿಸು. ಅಜೆಂಡಾದ ಮೊದಲ ಎರಡು ಸಾಲೂ ಪ್ರಶ್ನೆಗಳು. ‘ತೆರಿಗೆ ಸಮಸ್ಯೆ’ ಅಂತ ಬರೆದರೆ ಎಲ್ಲರೂ ತಮಗೆ ತೋಚಿದ್ದು ಮಾತಾಡುತ್ತಾರೆ. ಪ್ರಶ್ನೆ ಬರೆದರೆ ಉತ್ತರ ಹುಡುಕಿಕೊಂಡು ಬರುತ್ತಾರೆ. ಎರಡನೆಯದು, ತೀರ್ಮಾನ ಯಾರದು ಅನ್ನುವುದು ಮೊದಲೇ ಕಾಣಿಸಿದೆ. ಆ ಮನುಷ್ಯ ಬರಲಾಗುವುದಿಲ್ಲ ಅಂದರೆ ಮೀಟಿಂಗನ್ನೇ ಬೇರೆ ಹೊತ್ತಿಗೆ ಹಾಕು. ಅವರಿಲ್ಲದೆ ಹತ್ತು ಜನ ಕೂತರೂ ಪ್ರಯೋಜನವಿಲ್ಲ. ಬರಬೇಕಿಲ್ಲದವರನ್ನು ಕ್ಯಾಲೆಂಡರಿನಲ್ಲೇ Optional ಅಂತ ಗುರುತು ಮಾಡಬಹುದು. ಆದರೆ ಫಲಿತಾಂಶ ತಮಗೂ ತಲುಪುತ್ತದೆ ಅನ್ನುವ ಭರವಸೆ ಇಲ್ಲದಿದ್ದರೆ ಅವರೂ ಬಂದು ಸುಮ್ಮನೆ ಕೂರುತ್ತಾರೆ. ನಾಲ್ಕು ಗಂಟೆಗೆ ಕಳಿಸುತ್ತೇನೆ ಅಂದದ್ದನ್ನು ನಾಲ್ಕಕ್ಕೇ ಕಳಿಸು.

ಇನ್ನು ಸಮಯ. ಚಳಿಗಾಲದಲ್ಲಿ ಫ್ರಾಂಕ್‌ಫರ್ಟ್ ನಮಗಿಂತ ನಾಲ್ಕೂವರೆ ಗಂಟೆ ಹಿಂದೆ, ಬೇಸಿಗೆಯಲ್ಲಿ ಮೂರೂವರೆ ಗಂಟೆ ಹಿಂದೆ. ಈಗಿನ ಚಳಿಗಾಲದ ಲೆಕ್ಕದಲ್ಲಿ ನಿನ್ನ 4.30 ಅವರಿಗೆ ಸರಿಯಾಗಿ ಮಧ್ಯಾಹ್ನ ಹನ್ನೆರಡು, ಊಟಕ್ಕೆ ಏಳುವ ಹೊತ್ತು. ಅಲ್ಲಿ ಮಾರ್ಚ್ ಕೊನೆಯ ಭಾನುವಾರ ಗಡಿಯಾರ ಒಂದು ಗಂಟೆ ಮುಂದಕ್ಕೆ, ಅಕ್ಟೋಬರ್ ಕೊನೆಯ ಭಾನುವಾರ ಹಿಂದಕ್ಕೆ ಹೋಗುತ್ತದೆ. 2026ರಲ್ಲಿ ಅದು ಮಾರ್ಚ್ 29 ಮತ್ತು ಅಕ್ಟೋಬರ್ 25. ನಾವು ಗಡಿಯಾರ ಮುಟ್ಟುವುದಿಲ್ಲ. ಆದ್ದರಿಂದ ಪ್ರತಿವಾರದ ಮೀಟಿಂಗನ್ನು ನಮ್ಮ ಸಮಯದಲ್ಲಿ ಹಾಕಿದ್ದರೆ ಆ ದಿನದಿಂದ ಅವರಿಗೆ ಒಂದು ಗಂಟೆ ಸರಿಯುತ್ತದೆ, ಅವರ ಸಮಯದಲ್ಲಿ ಹಾಕಿದ್ದರೆ ನಮಗೆ ಸರಿಯುತ್ತದೆ. ಯಾರ ಗಡಿಯಾರಕ್ಕೆ ಕಟ್ಟಿದ್ದೇವೆ ಅನ್ನುವುದನ್ನು ಕರೆಯಲ್ಲೇ ಬರೆದಿಡು. ‘IST’ ಅಂತ ಬರೆಯುವುದನ್ನೂ ಬಿಡು. ಐರ್ಲೆಂಡ್, ಇಸ್ರೇಲಿನವರೂ ತಮ್ಮ ಸಮಯಕ್ಕೆ ಅದೇ ಮೂರಕ್ಷರ ಬಳಸುತ್ತಾರೆ. ‘ಬೆಂಗಳೂರು ಸಮಯ’ ಅಂದರೆ ಯಾರಿಗೂ ಗೊಂದಲವಿಲ್ಲ.

ಒಬ್ಬರಿಗೇ ಕಳಿಸುವ ಕರೆಯಲ್ಲಂತೂ ಇನ್ನೂ ಹೆಚ್ಚು ಎಚ್ಚರ ಬೇಕಮ್ಮ. ಶುಕ್ರವಾರ ಸಂಜೆ, ‘ಸ್ವಲ್ಪ ಮಾತಾಡಬೇಕು, ಸೋಮವಾರ 10 ಗಂಟೆ’ ಅಂತ ಲೀಡ್ ಕಡೆಯಿಂದ ಟೀಮಿನ ಒಬ್ಬ ಹುಡುಗಿಗೆ ಬಂದರೆ ಅವಳಿಗೆ ಶನಿವಾರ, ಭಾನುವಾರ ಎರಡೂ ದಿನ ಅನ್ನ ಸೇರುವುದಿಲ್ಲ. ಕೆಲಸ ಹೋಗುತ್ತದೇನೋ, ಅಪ್ರೈಸಲ್ ಕೆಟ್ಟಿತೇನೋ ಅಂತ ಒಂದೇ ಯೋಚನೆ. ನೀನು ಕೇಳಬೇಕೆಂದಿದ್ದದ್ದು ಮುಂದಿನ ತಿಂಗಳ ರಜೆ ಯಾವಾಗ ಅಂತ ಇರಬಹುದು. ‘ನಿನ್ನ ರಜೆ ದಿನಗಳನ್ನು ಪಕ್ಕಾ ಮಾಡಿಕೊಳ್ಳೋಣ, 15 ನಿಮಿಷ’ ಅಂತ ಬರೆಯಲು ಎಷ್ಟು ಹೊತ್ತು ಬೇಕು? ವಿಷಯ ನಿಜಕ್ಕೂ ಕಠಿಣವಾಗಿದ್ದರೆ ಸುಳ್ಳು ಶೀರ್ಷಿಕೆ ಹಾಕಬೇಡ. ಎಲ್ಲವನ್ನೂ ಕ್ಯಾಲೆಂಡರಿನಲ್ಲಿ ಬರೆಯುವುದೂ ಸರಿಯಲ್ಲ, ಅದನ್ನು ಬೇರೆಯವರೂ ನೋಡಬಹುದು. ‘ಕಳೆದ ತಿಂಗಳ ಕೆಲಸದ ಬಗ್ಗೆ ಮಾತು’ ಅಂತ ಇದ್ದದ್ದನ್ನು ಇದ್ದಷ್ಟೇ ಹೇಳಿ, ಆದಷ್ಟು ಅದೇ ದಿನ ಕರೆ. ರಾತ್ರಿ ದಾಟಿಸಬೇಡ.

ಕಳಿಸಿಯಾಗಿರುವ ಕರೆಯನ್ನು ಅಳಿಸಿ ಹೊಸದು ಹಾಕಬೇಡ. ರದ್ದಾಯಿತೆಂಬ ಮೇಲ್ ಒಂದು, ಹೊಸ ಕರೆ ಇನ್ನೊಂದು ಹೋಗಿ ಜನ ಗಲಿಬಿಲಿಯಾಗುತ್ತಾರೆ. ಅದೇ ಕರೆಯನ್ನು ತೆರೆದು ತಿದ್ದು. ಗೂಗಲ್ ಕ್ಯಾಲೆಂಡರ್ ಉಳಿಸುವಾಗ ಅತಿಥಿಗಳಿಗೆ ತಿಳಿಸಲೇ ಅಂತ ಕೇಳುತ್ತದೆ. ಅಲ್ಲಿ Send ಒತ್ತು. ಬೇಡ ಅಂದರೆ ನೀನು ಇಷ್ಟೆಲ್ಲ ತಿದ್ದಿದ್ದು ಅವರ ಮೇಲ್‌ಗೆ ಹೋಗುವುದೇ ಇಲ್ಲ. ಸಮಯ ಬದಲಾಗಿದ್ದರೆ ಮೊದಲ ಸಾಲಿನಲ್ಲೇ ಅದನ್ನು ಹೇಳಿ, ಬರಲೇಬೇಕಾದವರಿಂದ ಮತ್ತೊಮ್ಮೆ ಒಪ್ಪಿಗೆ ಕೇಳು.

ನಿನ್ನ ಸೋಮವಾರದ ಮಾಮೂಲಿ ಮೀಟಿಂಗಿಗೂ ಇದೇ ಮಾತು. ಪ್ರತಿವಾರ ಹಿಂದಿನ ಶುಕ್ರವಾರವೇ ಅದರ ಕೆಳಗೆ ಆ ವಾರದ ಪ್ರಶ್ನೆಗಳನ್ನು ಬರಿ. ಬರೆಯಲು ಪ್ರಶ್ನೆಯೇ ಇಲ್ಲದ ವಾರ ಅದನ್ನು ರದ್ದುಮಾಡಿ, ಶುಕ್ರವಾರ ಸಂಜೆಯೇ ಎಲ್ಲರಿಗೂ ತಿಳಿಸಿಬಿಡಮ್ಮ.