ಹೃದಯದ ಚಿತ್ರದಲ್ಲಿ ಎಡ ಯಾವುದು, ಬಲ ಯಾವುದು?



ಈ ಸಲದ ಗೋಡೆ ಪತ್ರಿಕೆಗೆ ನಾನು ಹೃದಯದ ಚಿತ್ರದ ಬಗ್ಗೆ ಬರೆಯುತ್ತಿದ್ದೇನೆ. ನಮ್ಮ ವಿಜ್ಞಾನ ಪಾಠದಲ್ಲಿ ಬಂದಿರುವುದನ್ನೇ ಮತ್ತೆ ಬರೆದಿಲ್ಲ. ಇದು ನಮ್ಮಕ್ಕನ ಪರೀಕ್ಷೆಯಿಂದ ಶುರುವಾದ ವಿಷಯ.

ನಮ್ಮಕ್ಕ ಎರಡನೇ ಪಿ.ಯು.ಸಿ. ಓದ್ತಾ ಇದ್ದಾಳೆ. ಡಾಕ್ಟರ್ ಓದಿಗೆ ಸೇರಬೇಕಾದರೆ ನೀಟ್ ಅನ್ನೋ ಪರೀಕ್ಷೆ ಬರೆಯಬೇಕು. 2025ರ ನೀಟ್‌ನಲ್ಲಿ 180 ಪ್ರಶ್ನೆ ಇದ್ದವು, ಅದರಲ್ಲಿ 90 ಜೀವಶಾಸ್ತ್ರದ್ದು. ಪ್ರತಿ ಪ್ರಶ್ನೆಗೂ ನಾಲ್ಕು ಉತ್ತರ ಕೊಟ್ಟಿರುತ್ತಾರೆ, ಸರಿಯಾದದ್ದನ್ನು ಗುರುತು ಮಾಡಬೇಕು. ಸರಿ ಉತ್ತರಕ್ಕೆ 4 ಅಂಕ. ತಪ್ಪಾದರೆ ಇದ್ದ ಅಂಕದಲ್ಲಿ 1 ಕಳೆಯುತ್ತಾರೆ. ಸುಮ್ಮನೆ ಬಿಟ್ಟರೆ ಏನೂ ಇಲ್ಲ. ಅಂದ್ರೆ ಗೊತ್ತಿದ್ದ ಪ್ರಶ್ನೆಯನ್ನು ತಪ್ಪು ಮಾಡಿದರೆ ಬರಬೇಕಾದ 4 ಹೋಯ್ತು, ಮೇಲೆ 1 ದಂಡ, ಒಟ್ಟು 5 ಅಂಕದ ನಷ್ಟ. ನಮ್ಮಪ್ಪ, ಸರ್ಕಾರಿ ಸೀಟು ಸಿಕ್ಕಿದರೆ ಮಾತ್ರ ಓದಿಸೋಕಾಗೋದು ಅಂತ ಮೊದಲೇ ಹೇಳಿಬಿಟ್ಟಿದ್ದಾರೆ. ಅದಕ್ಕೇ ಅಕ್ಕ ಒಂದೊಂದು ಅಂಕವನ್ನೂ ಲೆಕ್ಕ ಹಾಕ್ತಾಳೆ.

ಹೋದ ತಿಂಗಳು ಅವಳು ಒಂದು ಮಾದರಿ ಪರೀಕ್ಷೆ ಬರೆದು ಬಂದಳು. ಸಂಜೆ ಉತ್ತರ ನೋಡ್ಕೊಂಡು ಊಟಾನೂ ಮಾಡದೆ ಗೋಡೆ ಕಡೆ ತಿರುಗಿ ಮಲಗಿದಳು. ನಾನು ಪ್ರಶ್ನೆಪತ್ರಿಕೆ ತೆಗೆದು ನೋಡಿದೆ. ಒಂದು ಹೃದಯದ ಚಿತ್ರ ಇತ್ತು, ಎ, ಬಿ, ಸಿ, ಡಿ ಅಂತ ನಾಲ್ಕು ಗೆರೆ ಎಳೆದಿದ್ದರು. ಅದೇ ಚಿತ್ರವನ್ನು ನಾನು ಬರೆದು ಪಕ್ಕದಲ್ಲಿ ಅಂಟಿಸಿದ್ದೇನೆ. ಸೊಟ್ಟಗಿದ್ದರೆ ಕ್ಷಮಿಸಿ. ಎ ಗೆರೆ ಹಾಳೆಯ ಎಡಗಡೆಯ ಮೇಲಿನ ಕೋಣೆಗೆ ಹೋಗುತ್ತೆ. ಬಿ ಗೆರೆ ಎರಡು ಕವಲಾಗಿರುವ ದಪ್ಪ ಕೊಳವೆಗೆ. ಸಿ ಗೆರೆ ಹಾಳೆಯ ಬಲಗಡೆಯ ಕೆಳಗಿನ ಕೋಣೆಗೆ. ಡಿ ಗೆರೆ ಎಲ್ಲಕ್ಕಿಂತ ಮೇಲೆ ಕಮಾನಿನ ಹಾಗೆ ಬಾಗಿರುವ ಕೊಳವೆಗೆ. ಯಾವುದು ಸರಿ ಅಂತ ಕೇಳಿದ್ದರು:

(1) ಎ – ಎಡ ಹೃತ್ಕರ್ಣ – ಶ್ವಾಸಕೋಶದಿಂದ ಬರುವ ರಕ್ತವನ್ನು ಪಡೆಯುತ್ತದೆ.
(2) ಬಿ – ಶ್ವಾಸಕೋಶದ ಅಪಧಮನಿ – ಆಮ್ಲಜನಕ ಹೆಚ್ಚಿರುವ ರಕ್ತವನ್ನು ಒಯ್ಯುತ್ತದೆ.
(3) ಸಿ – ಎಡ ಹೃತ್ಕುಕ್ಷಿ – ರಕ್ತವನ್ನು ಮಹಾಪಧಮನಿಗೆ ತಳ್ಳುತ್ತದೆ.
(4) ಡಿ – ಮಹಾಪಧಮನಿ – ರಕ್ತವನ್ನು ಶ್ವಾಸಕೋಶಕ್ಕೆ ಒಯ್ಯುತ್ತದೆ.

ಅಕ್ಕ (1) ಅಂತ ಗುರುತು ಮಾಡಿದ್ದಳು. ಸರಿ ಉತ್ತರ (3). ಹೃದಯದ ಪಾಠ ಬಾಯಿಪಾಠ ಇರೋಳು ಹೀಗ್ಯಾಕೆ ಮಾಡಿದಳು ಅಂತ ನನಗೆ ಆಶ್ಚರ್ಯ.

ಮಾರನೇ ದಿನ ಅವಳೇ ಹೇಳಿದಳು. ಅವಳು ಕಲಿತಿದ್ದು ಬಣ್ಣದ ಪಟ ನೋಡಿ. ಆ ಪಟದಲ್ಲಿ ಹೃದಯದ ಬಲಭಾಗ ನೀಲಿ, ಎಡಭಾಗ ಕೆಂಪು. ಆಮ್ಲಜನಕ ಕಡಿಮೆ ಇರುವ ರಕ್ತ ಬಲಭಾಗಕ್ಕೆ ಬರುತ್ತೆ, ಅದನ್ನು ತೋರಿಸೋಕೆ ನೀಲಿ ಬಳಿದಿರುತ್ತಾರೆ ಅಷ್ಟೇ. ನಿಜವಾದ ರಕ್ತ ನೀಲಿ ಇರೋದಿಲ್ಲ, ಕಪ್ಪು ಕೆಂಪು ಇರುತ್ತೆ. ನೀಲಿ ಕಂಡ ಕೂಡಲೇ ಬಲ ಅಂತ ಹೇಳೋ ಅಭ್ಯಾಸ ಅವಳಿಗೆ. ಆದರೆ ಮಾದರಿ ಪತ್ರಿಕೆಯ ಚಿತ್ರ ಜೆರಾಕ್ಸ್ ಮಾಡಿದ್ದು, ಬರೀ ಕಪ್ಪು ಗೆರೆ. ಬಣ್ಣ ಹೋದ ಕೂಡಲೇ ಗುರುತೂ ಹೋಯ್ತು. ಗಡಿಬಿಡಿಯಲ್ಲಿ ಹಾಳೆಯ ಎಡವನ್ನೇ ಹೃದಯದ ಎಡ ಅಂದುಕೊಂಡಳು. ಒಂದು ಸಲ ಹಾಗೆ ಅಂದುಕೊಂಡ ಮೇಲೆ ಎ ಎಡ ಹೃತ್ಕರ್ಣ ಆಗುತ್ತೆ, ಸಿ ಬಲ ಹೃತ್ಕುಕ್ಷಿ ಆಗುತ್ತೆ. ಆಗ (1) ಸರಿ ಕಾಣುತ್ತೆ, (3) ತಪ್ಪು ಕಾಣುತ್ತೆ. ಪ್ರಶ್ನೆ ತೆಗೆದವರು ಈ ಒಂದು ತಪ್ಪಿಗೇ ಬಲೆ ಹಾಕಿ ಇಟ್ಟಿದ್ದಾರೆ ನೋಡಿ!

ಚಿತ್ರದ ಎಡ ಹೃದಯದ ಬಲ ಯಾಕಾಗುತ್ತೆ? ನೀವೇ ಮಾಡಿ ನೋಡಿ. ಒಂದು ಹಾಳೆಯಲ್ಲಿ ಹೃದಯ ಬರೆದು, ಹಾಳೆಯ ಬೆನ್ನು ನಿಮ್ಮ ಎದೆಗೆ ತಾಗುವಂತೆ ಹಿಡಿಯಿರಿ. ಎದುರಿಗೆ ನಿಂತವರಿಗೆ ಚಿತ್ರ ಕಾಣಬೇಕು. ಈಗ ಚಿತ್ರದ ಎಡ ಅಂಚು ನಿಮ್ಮ ಬಲಗೈ ಕಡೆ ಇರುತ್ತೆ. ಪುಸ್ತಕದ ಚಿತ್ರ ಅಂದ್ರೆ ನಮ್ಮ ಎದುರಿಗೆ ನಿಂತಿರೋ ಒಬ್ಬ ಮನುಷ್ಯನ ಎದೆ ಅಂತ ತಿಳೀಬೇಕು. ಎಡ ಬಲ ಅನ್ನೋದು ಅವನದ್ದು, ಓದೋರದ್ದಲ್ಲ.

ಇದನ್ನು ಮರೆತರೂ ಚಿತ್ರದೊಳಗೇ ಒಂದು ಗುರುತು ಇದೆ. ಅದು ಗೋಡೆಯ ದಪ್ಪ. ಅದನ್ನು ನೋಡೋಕೆ ಭಾನುವಾರ ಮಾಂಸದಂಗಡಿಗೆ ಹೋಗಿ ಕುರಿಯ ಗುಂಡಿಗೆ ತಂದೆ. (ಅಜ್ಜಿ ಬೈದರು, ಆಮೇಲೆ ಅದನ್ನೇ ಸಾರು ಮಾಡಿದರು.) ಕುರಿಗೂ ನಮ್ಮ ಹಾಗೇ ನಾಲ್ಕು ಕೋಣೆಯ ಹೃದಯ. ಕತ್ತರಿಸೋಕೆ ಮೊದಲು ಬೆರಳಿನಿಂದ ಒತ್ತಿ ನೋಡಿದೆ. ಒಂದು ಪಕ್ಕ ಮೆತ್ತಗೆ ಒಳಗೆ ಹೋಯ್ತು, ಇನ್ನೊಂದು ಪಕ್ಕ ಹಸಿ ಗೆಣಸಿನ ಹಾಗೆ ಗಟ್ಟಿ. ಮಾವ ಅಡ್ಡಲಾಗಿ ಕತ್ತರಿಸಿಕೊಟ್ಟರು. ಸ್ಕೇಲ್ ಇಟ್ಟು ಅಳೆದೆ. ಮೆತ್ತಗಿದ್ದ ಕಡೆಯ ಗೋಡೆ ಸುಮಾರು 4 ಮಿಲಿಮೀಟರ್, ಗಟ್ಟಿ ಕಡೆಯದ್ದು ಸುಮಾರು 12. ಮೆತ್ತಗಿನದು ಬಲ ಹೃತ್ಕುಕ್ಷಿ, ಗಟ್ಟಿ ಇರೋದು ಎಡ ಹೃತ್ಕುಕ್ಷಿ.

ಯಾಕೆ ಈ ವ್ಯತ್ಯಾಸ? ಬಲ ಹೃತ್ಕುಕ್ಷಿ ರಕ್ತವನ್ನು ಪಕ್ಕದಲ್ಲೇ ಇರುವ ಶ್ವಾಸಕೋಶಕ್ಕೆ ಕಳಿಸಿದರೆ ಸಾಕು. ಎಡ ಹೃತ್ಕುಕ್ಷಿ ತಲೆಯಿಂದ ಕಾಲ್ಬೆರಳಿನ ತನಕ ಇಡೀ ಮೈಗೆ ತಳ್ಳಬೇಕು. ಅಜ್ಜಿಗೆ ಬಿ.ಪಿ. ನೋಡುವಾಗ ಸಿಸ್ಟರ್ 120 ಇದ್ದರೆ ಚೆನ್ನಾಗಿದೆ ಅಂತಾರಲ್ಲ, ಅದು ಎಡ ಹೃತ್ಕುಕ್ಷಿ ತಳ್ಳಿದಾಗಿನ ಒತ್ತಡ. ಬಲ ಹೃತ್ಕುಕ್ಷಿಯದ್ದು ಸುಮಾರು 25 ಮಾತ್ರ. ಹೆಚ್ಚು ಕೆಲಸ ಮಾಡೋ ಗೋಡೆ ದಪ್ಪ. ಅದಕ್ಕೇ ಕತ್ತರಿಸಿ ತೋರಿಸಿದ ಚಿತ್ರದಲ್ಲಿ ಬಣ್ಣ ಇರಲಿ ಬಿಡಲಿ, ದಪ್ಪ ಗೋಡೆಯ ಕೋಣೆ ಹುಡುಕಿದರೆ ಎಡ ಸಿಕ್ಕಿತು. ಅದರ ಮೇಲಿನ ಕೋಣೆ ಎಡ ಹೃತ್ಕರ್ಣ. ಉಳಿದ ಎರಡು ಬಲದ್ದು.

ಈಗ ಆ ಪ್ರಶ್ನೆಯನ್ನು ಮತ್ತೆ ಮಾಡೋಣ. ಸಿ ಕೋಣೆಯ ಗೋಡೆ ದಪ್ಪ, ಆದ್ದರಿಂದ ಸಿ ಎಡ ಹೃತ್ಕುಕ್ಷಿ. ಎ ಅದರ ಎದುರು ಪಕ್ಕದ ಮೇಲಿನ ಕೋಣೆ, ಆದ್ದರಿಂದ ಬಲ ಹೃತ್ಕರ್ಣ. (1) ತಪ್ಪು ಅಂತ ಅಲ್ಲೇ ಆಯ್ತು. ಡಿ ಕಮಾನಿನ ಮೇಲೆ ಮೂರು ಕವಲು ಎದ್ದಿವೆ, ಅದು ಮಹಾಪಧಮನಿ. (ಕುರಿಯ ಗುಂಡಿಗೆಯಲ್ಲೂ ಮೂರು ಕವಲು ಹುಡುಕಿದೆ, ಸಿಗಲಿಲ್ಲ. ಕುರಿಗೆ ಕಮಾನಿನಿಂದ ಒಂದೇ ದೊಡ್ಡ ಕವಲು ಹೊರಟು ಆಮೇಲೆ ಒಡೆಯುತ್ತಂತೆ, ಮೇಷ್ಟ್ರು ಹೇಳಿದರು.) ಹೆಸರು ಸರಿ ಇದ್ದರೂ (4) ತಪ್ಪು, ಯಾಕಂದ್ರೆ ಮಹಾಪಧಮನಿ ಹೋಗೋದು ಮೈಗೆ, ಶ್ವಾಸಕೋಶಕ್ಕಲ್ಲ.

ಬಿ ಸ್ವಲ್ಪ ಕಷ್ಟ. ಇದು ಬಲ ಹೃತ್ಕುಕ್ಷಿಯಿಂದ ಹೊರಟರೂ ಮುಂದುಗಡೆಯಿಂದ ಅಡ್ಡ ಹಾದು ಹಾಳೆಯ ಬಲಗಡೆಗೆ ವಾಲುತ್ತೆ. ಮಹಾಪಧಮನಿ ಇದರ ಹಿಂದಿನಿಂದ ಏಳುತ್ತೆ. ಎರಡು ಕೊಳವೆ ಕತ್ತರಿ ಹಾಕಿಕೊಂಡ ಹಾಗೆ ಇರೋದರಿಂದ ಮೇಲಿನ ತುದಿ ಮಾತ್ರ ನೋಡಿದರೆ ಯಾವುದು ಎಲ್ಲಿಂದ ಬಂತು ಅಂತ ಗೊತ್ತಾಗೋದಿಲ್ಲ. ಪೆನ್ಸಿಲ್ ತುದಿಯನ್ನು ಕೊಳವೆಯ ಮೇಲಿಟ್ಟು ಕೆಳಗಿನ ಕೋಣೆ ತನಕ ಇಳಿಸಬೇಕು. ಹಾಗೆ ಇಳಿಸಿದರೆ ಬಿ ತೆಳು ಗೋಡೆಯ ಕೋಣೆಗೆ ಬಂದು ಸೇರುತ್ತೆ. ಆದ್ದರಿಂದ ಅದು ಶ್ವಾಸಕೋಶದ ಅಪಧಮನಿಯೇ ಸರಿ. ಆದರೆ (2)ರಲ್ಲಿ ಕೆಲಸ ತಪ್ಪಾಗಿ ಬರೆದಿದ್ದಾರೆ. ಅಪಧಮನಿ ಅಂದ ಕೂಡಲೇ ಆಮ್ಲಜನಕ ಹೆಚ್ಚಿರುವ ರಕ್ತ ಅಂತ ನಾವೆಲ್ಲ ಹೇಳ್ತೀವಿ. ಹೃದಯದಿಂದ ರಕ್ತ ಹೊರಗೆ ಒಯ್ಯೋದು ಅಪಧಮನಿ, ಹೃದಯಕ್ಕೆ ತರೋದು ಅಭಿಧಮನಿ, ಅಷ್ಟೇ ಅದರ ಅರ್ಥ. ಶ್ವಾಸಕೋಶದ ಅಪಧಮನಿ ಆಮ್ಲಜನಕ ತುಂಬಿಸಿಕೊಳ್ಳೋಕೆ ಹೋಗ್ತಾ ಇರೋ ರಕ್ತವನ್ನು ಒಯ್ಯುತ್ತೆ, ಅದರಲ್ಲಿ ಆಮ್ಲಜನಕ ಕಡಿಮೆ. ಉಳಿದದ್ದು (3) ಒಂದೇ.

ಇದರಲ್ಲಿ ನನಗೆ ಗೊತ್ತಾಗಿದ್ದು, ಒಂದೊಂದು ಉತ್ತರದಲ್ಲೂ ಎರಡೆರಡು ಮಾತು ಇರುತ್ತೆ, ಹೆಸರು ಒಂದು, ಕೆಲಸ ಒಂದು. ಹೆಸರು ಸರಿ ಕಂಡ ಕೂಡಲೇ ಗುರುತು ಮಾಡಿದರೆ (2)ಕ್ಕೋ (4)ಕ್ಕೋ ಸಿಕ್ಕಿ ಬೀಳ್ತೀವಿ. ಈಗ ಅಕ್ಕ ಉತ್ತರಗಳನ್ನು ಕೈಯಿಂದ ಮುಚ್ಚಿಕೊಂಡು ಮೊದಲು ನಾಲ್ಕು ಗೆರೆಗೂ ತಾನೇ ಹೆಸರು ಬರೀತಾಳೆ, ಆಮೇಲೆ ಕೈ ತೆಗೀತಾಳೆ. ಗೆರೆಯ ತುದಿ ಎಲ್ಲಿ ನಿಂತಿದೆ ಅಂತಲೂ ನೋಡ್ತಾಳೆ. ಕೋಣೆಯ ಖಾಲಿ ಜಾಗದಲ್ಲಿ ನಿಂತರೆ ಕೋಣೆಯ ಹೆಸರು, ಅದನ್ನು ದಾಟಿ ಗೋಡೆಗೆ ಮುಟ್ಟಿದ್ದರೆ ಗೋಡೆಯ ಹೆಸರು.

ಒಂದು ಎಚ್ಚರಿಕೆ. ಕೆಲವು ಪುಸ್ತಕದಲ್ಲಿ ಹೃದಯವನ್ನು ಹಿಂದಿನಿಂದ ನೋಡಿದ ಚಿತ್ರವೂ ಇರುತ್ತೆ. ಆಗ ಹಾಳೆಯ ಎಡವೇ ಹೃದಯದ ಎಡ. ಅದು ಹೊರಗಿನ ಚಿತ್ರವಾದ್ದರಿಂದ ಗೋಡೆಯ ದಪ್ಪವೂ ಕಾಣೋದಿಲ್ಲ. ಅಂಥದ್ದರಲ್ಲಿ ಶ್ವಾಸಕೋಶದಿಂದ ಬರುವ ನಾಲ್ಕು ಅಭಿಧಮನಿಗಳು ಒಂದೇ ಕೋಣೆಗೆ ಸೇರೋದು ಕಾಣುತ್ತೆ. ಆ ಕೋಣೆ ಎಡ ಹೃತ್ಕರ್ಣ.

ಹೋದ ವಾರದ ಮಾದರಿ ಪತ್ರಿಕೆಯಲ್ಲಿ ಹೃದಯ ಬರಲಿಲ್ಲ, ಮೂತ್ರಪಿಂಡದ ಚಿತ್ರ ಬಂದಿತ್ತಂತೆ. ಹಾಳೆಯ ಎಡಗಡೆಯ ಮೂತ್ರಪಿಂಡ ಸ್ವಲ್ಪ ಕೆಳಗಿತ್ತು. ಸಾಮಾನ್ಯವಾಗಿ ಕೆಳಗಿರೋದು ಬಲದ್ದು, ಅದರ ಮೇಲೆ ದೊಡ್ಡ ಪಿತ್ತಜನಕಾಂಗ ಕೂತಿರುತ್ತೆ. "ಎದುರಿಗೆ ನಿಂತಿರೋನ್ನ ನೆನೆಸಿಕೊಂಡೆ ಕಣೋ" ಅಂತ ಅಕ್ಕ ಮನೆಗೆ ಬಂದು ಹೇಳಿದಳು. ಅವತ್ತು ಊಟ ಮಾಡಿದಳು.

ನನ್ನ ಚಿತ್ರದಲ್ಲಿ ಇ ಅಂತ ಇನ್ನೊಂದು ಗೆರೆ ಎಳೆದು ಹೆಸರು ಬರೆಯದೆ ಬಿಟ್ಟಿದ್ದೇನೆ. ಅದರ ತುದಿ ಕೆಳಗಿನ ಎರಡು ಕೋಣೆಗಳ ನಡುವೆ ನಿಂತಿದೆ. ಗೊತ್ತಾದವರು ಹೆಸರನ್ನು ಚೀಟಿಯಲ್ಲಿ ಬರೆದು ಪತ್ರಿಕೆಯ ಕೆಳಗೆ ಕಟ್ಟಿರುವ ಲಕೋಟೆಗೆ ಹಾಕಿ. ಶನಿವಾರ ತೆಗೆದು ನೋಡ್ತೀನಿ.